ದೊಡ್ಡ ಮೋಟರ್‌ಗಳ ಚಾಲನೆ: ಸ್ಟಾರ್-ಡೆಲ್ಟಾ, ಸಾಫ್ಟ್ ಸ್ಟಾರ್ಟರ್ ಮತ್ತು ಡ್ರೈವ್

ಮೂರು ಫೇಸಿನ ಇಂಡಕ್ಷನ್ ಮೋಟರ್ ನಿಂತಿರುವಾಗ ಅದಕ್ಕೆ ಪೂರ್ತಿ ವೋಲ್ಟೇಜ್ ಕೊಟ್ಟರೆ, ಪೂರ್ಣಭಾರದಲ್ಲಿ ಎಳೆಯುವುದರ 6ರಿಂದ 7 ಪಟ್ಟು ಕರೆಂಟನ್ನು ಅದು ಎಳೆಯುತ್ತದೆ. ಸಣ್ಣ ಮೋಟರ್‌ನಲ್ಲಿ ಇದು ಕ್ಷಣದ ಮಾತು. 50, 100 ಅಥವಾ 200 ಎಚ್‌ಪಿ ಮೋಟರ್‌ನಲ್ಲಿ ಇದೇ ಕರೆಂಟು ಟ್ರಾನ್ಸ್‌ಫಾರ್ಮರ್‌ನ ವೋಲ್ಟೇಜನ್ನು ಕುಸಿಸುತ್ತದೆ, ಕಪ್ಲಿಂಗಿಗೆ ಹೊಡೆತ ಕೊಡುತ್ತದೆ, ಪೈಪಿನಲ್ಲಿರುವ ನೀರನ್ನು ಒಮ್ಮೆಲೇ ತಳ್ಳುತ್ತದೆ. ಇದನ್ನು ತಗ್ಗಿಸಲು ಬಳಕೆಯಲ್ಲಿರುವ ಮುಖ್ಯ ಸಾಧನಗಳು ಮೂರು: ಸ್ಟಾರ್-ಡೆಲ್ಟಾ ಸ್ಟಾರ್ಟರ್, ಸಾಫ್ಟ್ ಸ್ಟಾರ್ಟರ್ ಮತ್ತು ಡ್ರೈವ್ ಎಂದು ಕರೆಯುವ ಆವರ್ತನ ಬದಲಿಸುವ ಯಂತ್ರ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಹೊಳೆದಂಡೆಯ ಪಂಪುಮನೆಯನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಮೂರರ ಕೆಲಸ, ಅವುಗಳ ನಿಯಂತ್ರಣ ತರ್ಕ ಮತ್ತು ಮಿತಿಗಳನ್ನು ಈ ಲೇಖನ ವಿವರಿಸುತ್ತದೆ.

ಹಿನ್ನೆಲೆ

ಮಹಾರಾಷ್ಟ್ರದಿಂದ ಬರುವ ಕೃಷ್ಣಾ ನದಿ ಕರ್ನಾಟಕದಲ್ಲಿ ಮೊದಲು ಹರಿಯುವುದು ಈ ಸೀಮೆಯಲ್ಲಿ. ನಿಪ್ಪಾಣಿ, ಚಿಕ್ಕೋಡಿ ಕಡೆಯ ವೇದಗಂಗಾ ಮತ್ತು ದೂಧಗಂಗಾ ನದಿಗಳ ನೀರೂ ಕೃಷ್ಣೆಯನ್ನೇ ಸೇರುತ್ತದೆ. ಹೊಳೆಯ ನೀರು ತಗ್ಗಿನಲ್ಲಿದೆ, ಕಬ್ಬಿನ ಹೊಲಗಳು ಎತ್ತರದಲ್ಲಿವೆ. ಹೀಗಾಗಿ ದಂಡೆಯಲ್ಲಿ ಜಾಕ್‌ವೆಲ್ ಕಟ್ಟಿ, ಪಂಪು ಕೂಡಿಸಿ, ಕಿಲೋಮೀಟರುಗಟ್ಟಲೆ ಪೈಪ್‌ಲೈನ್ ಎಳೆದು ನೀರೊಯ್ಯುವುದು ಇಲ್ಲಿನ ರೂಢಿ. ಇದನ್ನು ಒಬ್ಬೊಬ್ಬ ರೈತರೂ ಮಾಡಿದ್ದಾರೆ, ಹಲವರು ಕೂಡಿ ಸಂಘ ಕಟ್ಟಿಕೊಂಡೂ ಮಾಡಿದ್ದಾರೆ. ಐನಾಪುರ, ಹಲ್ಯಾಳ, ಕರಿಮಸೂತಿಯಂಥ ಸರ್ಕಾರಿ ಏತ ನೀರಾವರಿ ಯೋಜನೆಗಳ ಮೂಲವಿಚಾರವೂ ಇದೇ.

ಇಲ್ಲಿನ ಸ್ಟಾರ್ಟರ್ ಎದುರಿಸುವ ಸಂಗತಿಗಳು ಮೂರು. ಮೊದಲನೆಯದು, ಹೆಸ್ಕಾಂನ ಗ್ರಾಮೀಣ ಫೀಡರು ಉದ್ದವಾಗಿದ್ದು, ಒಂದೇ ಲೈನಿನ ಮೇಲೆ ಅನೇಕ ಪಂಪುಗಳಿರುತ್ತವೆ. ಮೂರು ಫೇಸಿನ ಕರೆಂಟು ಗೊತ್ತಾದ ಕೆಲವು ಗಂಟೆ ಮಾತ್ರ ಬರುತ್ತದೆ, ನಡುವೆ ಹೋಗಿಬರುವುದೂ ಉಂಟು. ಎರಡನೆಯದು, ಪೈಪ್‌ಲೈನು ಉದ್ದ, ಅದರಲ್ಲಿ ತುಂಬಿದ ನೀರಿನ ತೂಕ ದೊಡ್ಡದು. ಮೂರನೆಯದು ಹೊಳೆ. ಬೇಸಿಗೆಯಲ್ಲಿ ಪಾತ್ರ ಬತ್ತಿ ಫುಟ್‌ವಾಲ್ವ್ ಬಯಲಾಗುತ್ತದೆ. 2005, 2019 ಮತ್ತು 2021ರಂಥ ಮಹಾಪೂರ ಬಂದರೆ ದಂಡೆಯ ಪಂಪುಮನೆಗಳು ಮುಳುಗುತ್ತವೆ. ಸ್ಟಾರ್ಟರಿನ ಆಯ್ಕೆಯೂ ಅದರ ತರ್ಕವೂ ಈ ಮೂರನ್ನು ನೋಡಿಯೇ ಆಗಬೇಕು.

ನಿದರ್ಶನದ ಪಂಪು

ಲೆಕ್ಕಕ್ಕೆ ಒಂದು ಪಂಪುಸೆಟ್ಟನ್ನು ಇಟ್ಟುಕೊಳ್ಳೋಣ. ಮೋಟರ್ 75 ಕಿಲೋವ್ಯಾಟ್, ಅಂದರೆ 100 ಎಚ್‌ಪಿ. 415 ವೋಲ್ಟಿನಲ್ಲಿ ಪೂರ್ಣಭಾರದ ಕರೆಂಟು ಸುಮಾರು 130 ಆಂಪಿಯರ್. ಪಂಪು ಸೆಂಟ್ರಿಫ್ಯೂಗಲ್ ಜಾತಿಯದು. 300 ಮಿಲಿಮೀಟರಿನ, 2 ಕಿಲೋಮೀಟರ್ ಉದ್ದದ ಉಕ್ಕಿನ ಪೈಪಿನಲ್ಲಿ ಸೆಕೆಂಡಿಗೆ ಸುಮಾರು 100 ಲೀಟರ್ ನೀರೊಯ್ಯುತ್ತದೆ. ಹೊಳೆಯ ಮಟ್ಟದಿಂದ ತೊಟ್ಟಿಯ ಮಟ್ಟಕ್ಕೆ ಏರಬೇಕಾದ ಎತ್ತರ 36 ಮೀಟರ್. ಪೈಪಿನ ಘರ್ಷಣೆಗೆ ಇನ್ನು 14 ಮೀಟರ್ ಸೇರಿಸಿದರೆ ಒಟ್ಟು 50 ಮೀಟರ್. ಕರೆಂಟು 160 ಕೆವಿಎ ಟ್ರಾನ್ಸ್‌ಫಾರ್ಮರಿನಿಂದ ಬರುತ್ತದೆ. ಅದರ ಇಂಪೀಡೆನ್ಸ್ 4.5%.

ಈ ಮೋಟರನ್ನು ನೇರವಾಗಿ ಲೈನಿಗೆ ಹಾಕಿದರೆ ಆರು ಪಟ್ಟು, ಅಂದರೆ 780 ಆಂಪಿಯರ್ ಎಳೆಯುತ್ತದೆ. ಟ್ರಾನ್ಸ್‌ಫಾರ್ಮರಿನ ಪೂರ್ಣ ಸಾಮರ್ಥ್ಯವೇ 213 ಆಂಪಿಯರ್. ಹೀಗಾಗಿ ಅದರೊಳಗೇ ಸುಮಾರು 16% ವೋಲ್ಟೇಜ್ ಬೀಳುತ್ತದೆ. 11 ಕೆವಿ ಲೈನಿನ ಇಳಿತ ಬೇರೆ. ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಸಾರವಾಗಿ ಇಳಿಯುವುದರಿಂದ, 16% ವೋಲ್ಟೇಜ್ ಬಿದ್ದಾಗ ಬಲ 30% ಕಡಿಮೆಯಾಗುತ್ತದೆ. ಆಗಲೇ ಓಡುತ್ತಿರುವ ನೆರೆಯ ಪಂಪುಗಳ ಬಲವೂ ಕುಂದುತ್ತದೆ, ಅವುಗಳ ಕಾಂಟ್ಯಾಕ್ಟರ್‌ಗಳು ಕಳಚಿಕೊಳ್ಳಲೂಬಹುದು.

ಸ್ಟಾರ್-ಡೆಲ್ಟಾ ಸ್ಟಾರ್ಟರ್

ಡೆಲ್ಟಾದಲ್ಲಿ ಓಡಬೇಕಾದ ಮೋಟರನ್ನು ಮೊದಲು ಸ್ಟಾರ್‌ನಲ್ಲಿ ಜೋಡಿಸಿ ಎಬ್ಬಿಸುವುದು ಈ ವಿಧಾನ. ಸ್ಟಾರ್‌ನಲ್ಲಿ ಪ್ರತಿ ವೈಂಡಿಂಗಿಗೆ ಸಿಗುವ ವೋಲ್ಟೇಜ್ ಲೈನ್ ವೋಲ್ಟೇಜಿನ 58%. ಲೈನಿನಿಂದ ಎಳೆಯುವ ಕರೆಂಟು ಮಾತ್ರ ಮೂರರಲ್ಲೊಂದಕ್ಕೆ ಇಳಿಯುತ್ತದೆ, ತಿರುಗುಬಲವೂ ಮೂರರಲ್ಲೊಂದಾಗುತ್ತದೆ. ನಮ್ಮ ಪಂಪಿನಲ್ಲಿ 780 ಆಂಪಿಯರ್ 260 ಆಗುತ್ತದೆ, ಟ್ರಾನ್ಸ್‌ಫಾರ್ಮರಿನ ಇಳಿತ 5.5%ಕ್ಕೆ ಬರುತ್ತದೆ.

ಮೂರರಲ್ಲೊಂದು ಬಲ ಸಾಕೇ ಎಂಬುದು ಡೆಲಿವರಿ ವಾಲ್ವಿನ ಮೇಲೆ ನಿಂತಿದೆ. ಸೆಂಟ್ರಿಫ್ಯೂಗಲ್ ಪಂಪು ವಾಲ್ವ್ ಮುಚ್ಚಿದ್ದಾಗ ಪೂರ್ಣ ವೇಗದಲ್ಲೂ ಅರ್ಧದಷ್ಟು ಬಲವನ್ನೇ ಕೇಳುತ್ತದೆ. ಆಗ ಮೋಟರ್ ಸ್ಟಾರ್‌ನಲ್ಲೇ ಪೂರ್ಣ ವೇಗದ ಹತ್ತಿರ ಬರುತ್ತದೆ, ಆಂಪಿಯರ್ ಮೀಟರಿನ ಮುಳ್ಳು 260ರಿಂದ 70-80ಕ್ಕೆ ಇಳಿದು ನಿಲ್ಲುತ್ತದೆ. ಡೆಲ್ಟಾಕ್ಕೆ ಬದಲಿಸಬೇಕಾದ ಹೊತ್ತು ಅದು. ವಾಲ್ವ್ ತೆರೆದೇ ಇದ್ದರೆ ಸ್ಟಾರ್‌ನ ಬಲ ಪೂರ್ಣಭಾರವನ್ನು ಹೊರಲಾರದು. ವೇಗ 85%ರ ಆಸುಪಾಸಿನಲ್ಲಿ ಸಿಕ್ಕಿಕೊಳ್ಳುತ್ತದೆ, ಮುಳ್ಳು ಇಳಿಯುವುದೇ ಇಲ್ಲ. ಟೈಮರ್ ಮಾತ್ರ ತನ್ನ ಹೊತ್ತಿಗೆ ಡೆಲ್ಟಾ ಹಾಕುತ್ತದೆ, ಆಗ ಕರೆಂಟು ನಾಲ್ಕೈದು ಪಟ್ಟಿಗೆ ಜಿಗಿಯುತ್ತದೆ. ಅಲ್ಲಿಗೆ ಸ್ಟಾರ್-ಡೆಲ್ಟಾ ಇದ್ದೂ ಇಲ್ಲದಂತಾಯಿತು. ಟೈಮರಿನ ಸಮಯ ಹೆಚ್ಚಿಸುವುದು ಇದಕ್ಕೆ ಪರಿಹಾರವಲ್ಲ. ವಾಲ್ವ್ ಮುಚ್ಚಿ ಎಬ್ಬಿಸಿ, ಡೆಲ್ಟಾಕ್ಕೆ ಬಂದ ಮೇಲೆ ನಿಧಾನ ತೆರೆಯುವುದೇ ಪರಿಹಾರ. ಮಿಕ್ಸೆಡ್ ಫ್ಲೋ ಮತ್ತು ಆಕ್ಸಿಯಲ್ ಫ್ಲೋ ಪಂಪುಗಳಿಗೆ ಈ ಮಾತು ಸಲ್ಲದು. ವಾಲ್ವ್ ಮುಚ್ಚಿದಾಗ ಅವು ಕೇಳುವ ಬಲ ತಗ್ಗುವ ಬದಲು ಏರಬಹುದು.

ಎರಡನೆಯ ತೊಡಕು ಬದಲಾವಣೆಯ ಕ್ಷಣದ್ದು. ಸ್ಟಾರ್ ಬಿಟ್ಟು ಡೆಲ್ಟಾ ಹಿಡಿಯುವ ನಡುವಿನ ವಿರಾಮದಲ್ಲಿ ರೋಟರಿನಲ್ಲಿ ಉಳಿದ ಕಾಂತತ್ವ ವೈಂಡಿಂಗಿನಲ್ಲಿ ವೋಲ್ಟೇಜನ್ನು ಹುಟ್ಟಿಸುತ್ತಿರುತ್ತದೆ. ಆ ವೋಲ್ಟೇಜ್ ಲೈನಿನ ಫೇಸಿಗಿಂತ ಹಿಂದೆ ಬೀಳುತ್ತ ಹೋಗುತ್ತದೆ. ಇವೆರಡೂ ಎದುರುಬದುರಾದಾಗ ಡೆಲ್ಟಾ ಹತ್ತಿದರೆ ಒಂದೆರಡು ಸೈಕಲ್ಲಿನ ಮಟ್ಟಿಗೆ ಕರೆಂಟಿನ ಶಿಖರ ನೇರ ಚಾಲನೆಗಿಂತಲೂ ಮೇಲೇರಬಹುದು. ಕಪ್ಲಿಂಗಿನಲ್ಲಿ ಠಣ್ ಎಂಬ ಸದ್ದು ಕೇಳುತ್ತದೆ, ಬ್ರೇಕರ್ ಕಾರಣವಿಲ್ಲದೆ ಬಿದ್ದಂತೆ ಕಾಣುತ್ತದೆ.

ಇಲ್ಲಿ ವೈರಿಂಗಿನ ಒಂದು ಸೂಕ್ಷ್ಮ ಕೆಲಸಕ್ಕೆ ಬರುತ್ತದೆ. ಮುಖ್ಯ ತುದಿಗಳು U1, V1, W1 ಕ್ರಮವಾಗಿ L1, L2, L3ಕ್ಕೆ ಸೇರಿದ್ದು, ಫೇಸುಗಳ ಸರದಿಯೂ ಅದೇ ಆಗಿದ್ದರೆ, ಡೆಲ್ಟಾವನ್ನು ಎರಡು ರೀತಿ ಕಟ್ಟಬಹುದು. U1–V2, V1–W2, W1–U2 ಎಂದು ಕಟ್ಟಿದರೆ ಡೆಲ್ಟಾದ ವೋಲ್ಟೇಜ್ ಸ್ಟಾರ್‌ನದಕ್ಕಿಂತ 30 ಡಿಗ್ರಿ ಹಿಂದಿರುತ್ತದೆ. ಹಿಂದೆ ಬೀಳುತ್ತಿರುವ ರೋಟರಿನ ವೋಲ್ಟೇಜಿಗೆ ಅದು ಹತ್ತಿರ. U1–W2, V1–U2, W1–V2 ಎಂದು ಕಟ್ಟಿದರೆ 30 ಡಿಗ್ರಿ ಮುಂದಾಗುತ್ತದೆ, ಹೊಡೆತ ಹೆಚ್ಚುತ್ತದೆ. ಎರಡರಲ್ಲೂ ಮೋಟರ್ ಒಂದೇ ದಿಕ್ಕಿಗೆ ತಿರುಗುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ವೈಂಡಿಂಗ್ ಮಾಡಿಸಿ ತಂದ ಮೇಲೆ ಬ್ರೇಕರ್ ಪದೇಪದೇ ಬೀಳತೊಡಗಿದರೆ ಮೊದಲು ನೋಡಬೇಕಾದ ಜಾಗ ಇದು.

ಸ್ಟಾರ್-ಡೆಲ್ಟಾದ ನಿಯಂತ್ರಣ ತರ್ಕ

ಮೇನ್, ಸ್ಟಾರ್, ಡೆಲ್ಟಾ ಎಂಬ ಮೂರು ಕಾಂಟ್ಯಾಕ್ಟರ್, ಒಂದು ಟೈಮರ್, ಓವರ್‌ಲೋಡ್ ರಿಲೇ ಮತ್ತು ಫೇಸ್ ತಪ್ಪಿದರೆ ನಿಲ್ಲಿಸುವ ಪ್ರಿವೆಂಟರ್ ಇದರ ಅಂಗಗಳು. ಸ್ಟಾರ್ ಮತ್ತು ಡೆಲ್ಟಾ ಒಟ್ಟಿಗೆ ಹತ್ತಿದರೆ ಮೂರು ಫೇಸುಗಳು ನೇರವಾಗಿ ಒಂದಕ್ಕೊಂದು ಅಂಟಿ ಶಾರ್ಟ್ ಆಗುತ್ತವೆ. ಅದಕ್ಕೇ ಒಂದರ ಕಾಯಿಲನ್ನು ಇನ್ನೊಂದರ ಸಹಾಯಕ ಸಂಪರ್ಕದ ಮೂಲಕ ಹಾಯಿಸುತ್ತಾರೆ, ಜತೆಗೆ ಯಾಂತ್ರಿಕ ತಡೆಯನ್ನೂ ಕೂಡಿಸುತ್ತಾರೆ. ಪಿಎಲ್‌ಸಿಯಲ್ಲಿ ಬರೆದರೆ ತರ್ಕ ಹೀಗಿರುತ್ತದೆ:

```
IF NOT StopOK OR OL_Trip OR NOT PhaseOK THEN
    Run := FALSE;
ELSIF Start THEN
    Run := TRUE;
END_IF;
T1(IN := Run,  PT := T#8s);
T2(IN := T1.Q, PT := T#80ms);
KM_Y := Run AND NOT T1.Q AND NOT KM_D_aux;
KM_M := Run AND (KM_Y_aux OR KM_M);
KM_D := Run AND T2.Q AND NOT KM_Y_aux;
```

ಇಲ್ಲಿ `_aux` ಎಂಬುದು ಕಾಂಟ್ಯಾಕ್ಟರ್ ನಿಜವಾಗಿ ಎಳೆದುಕೊಂಡಿದೆ ಎಂದು ತಿಳಿಸುವ ಸಹಾಯಕ ಸಂಪರ್ಕ. ಆದೇಶ ಕೊಟ್ಟದ್ದನ್ನು ನಂಬದೆ ಆದದ್ದನ್ನು ನೋಡುವುದು ಈ ತರ್ಕದ ಜೀವಾಳ. ಡೆಲ್ಟಾದ ಸಂಪರ್ಕಗಳು ಕರಗಿ ಅಂಟಿಕೊಂಡಿದ್ದರೆ ಸ್ಟಾರ್ ಹತ್ತುವುದಿಲ್ಲ. ಸ್ಟಾರ್ ಹತ್ತದೆ ಮೇನ್ ಹತ್ತುವುದಿಲ್ಲ. ಮೋಟರ್ ಸುಮ್ಮನೆ ಉಳಿಯುತ್ತದೆ. ಸ್ಟಾರ್ ಅಂಟಿಕೊಂಡರೆ ಡೆಲ್ಟಾ ಹತ್ತುವುದಿಲ್ಲ. ಆಗ ಮೋಟರ್ ಸ್ಟಾರ್‌ನಲ್ಲೇ ಉಳಿದು ಬಿಸಿಯಾಗುತ್ತದೆ. ಆದ್ದರಿಂದ ಇಷ್ಟು ಹೊತ್ತಾದರೂ ಡೆಲ್ಟಾ ಬರದಿದ್ದರೆ ಎಲ್ಲವನ್ನೂ ಬಿಡಿಸುವ ಇನ್ನೊಂದು ಟೈಮರ್ ಇರಬೇಕು. 80 ಮಿಲಿಸೆಕೆಂಡಿನ ವಿರಾಮ ಸ್ಟಾರ್ ಕಾಂಟ್ಯಾಕ್ಟರಿನ ಕಿಡಿ ಆರಲು ಬೇಕಾದ ಸಮಯ.

ಓವರ್‌ಲೋಡ್ ರಿಲೇ ಎಲ್ಲಿದೆ ಎಂಬುದನ್ನು ನೋಡಿಯೇ ಅದನ್ನು ಹೊಂದಿಸಬೇಕು. ಒಳಬರುವ ಲೈನಿನಲ್ಲಿದ್ದರೆ 130 ಆಂಪಿಯರ್. ಮೇನ್ ಕಾಂಟ್ಯಾಕ್ಟರಿನ ಕೆಳಗೆ ಇದ್ದರೆ, ಸಾಮಾನ್ಯವಾಗಿ ಹಾಗೇ ಇರುತ್ತದೆ, ಅದು ಕಾಣುವುದು ವೈಂಡಿಂಗಿನ ಕರೆಂಟನ್ನು, ಆಗ 0.58 ಪಟ್ಟು, ಅಂದರೆ 75 ಆಂಪಿಯರ್. ಹೆಸರುಫಲಕ ನೋಡಿ ಅಲ್ಲಿ 130 ಇಟ್ಟರೆ ಮೋಟರ್ ಸುಡುವವರೆಗೂ ರಿಲೇ ಬೀಳುವುದಿಲ್ಲ.

ಸಾಫ್ಟ್ ಸ್ಟಾರ್ಟರ್

ಪ್ರತಿ ಫೇಸಿನಲ್ಲಿ ಎರಡು ಥೈರಿಸ್ಟರ್‌ಗಳನ್ನು ಎದುರುಬದುರಾಗಿ ಕೂಡಿಸಿ, ಪ್ರತಿ ಅರ್ಧ ಸೈಕಲ್ಲಿನಲ್ಲಿ ಅವನ್ನು ತಡವಾಗಿ ತೆರೆದು ವೋಲ್ಟೇಜನ್ನು ಸೊನ್ನೆಯ ಕಡೆಯಿಂದ ಪೂರ್ಣಕ್ಕೆ ಏರಿಸುವ ಸಾಧನ ಇದು. ಆವರ್ತನ 50 ಹರ್ಟ್ಸ್ ಆಗಿಯೇ ಉಳಿಯುತ್ತದೆ.

ಸ್ಟಾರ್-ಡೆಲ್ಟಾಗಿಂತ ಇದು ಕಡಿಮೆ ಕರೆಂಟು ಎಳೆಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಲೆಕ್ಕ ಬೇರೆಯೇ ಹೇಳುತ್ತದೆ. ಸ್ಟಾರ್‌ನಷ್ಟೇ ಬಲ ಬೇಕೆಂದರೆ ಸಾಫ್ಟ್ ಸ್ಟಾರ್ಟರ್ ವೋಲ್ಟೇಜನ್ನು 58%ಕ್ಕೆ ತರಬೇಕು, ಆಗ ಲೈನಿನ ಕರೆಂಟೂ 58% ಆಗುತ್ತದೆ: 450 ಆಂಪಿಯರ್. ಸ್ಟಾರ್‌ನಲ್ಲಿ ಇದೇ ಬಲಕ್ಕೆ 260 ಸಾಕಾಗಿತ್ತು. ಕರೆಂಟಿನ ಮಿತಿಯನ್ನು ಮೂರು ಪಟ್ಟಿಗೆ, ಅಂದರೆ 390ಕ್ಕೆ ಇಟ್ಟರೆ ವೋಲ್ಟೇಜ್ ಅರ್ಧ, ಬಲ ಕಾಲುಭಾಗ. ಸ್ಟಾರ್‌ನಲ್ಲಿ ವೈಂಡಿಂಗುಗಳ ಜೋಡಣೆಯೇ ಬದಲಾಗುವುದರಿಂದ ಲೈನಿನ ಕರೆಂಟು ಬಲದಷ್ಟೇ ವೇಗವಾಗಿ ಇಳಿಯುತ್ತದೆ. ಸಾಫ್ಟ್ ಸ್ಟಾರ್ಟರಿನಲ್ಲಿ ಬಲ ವರ್ಗದ ಲೆಕ್ಕದಲ್ಲಿ ಇಳಿದರೆ ಕರೆಂಟು ಬರೀ ವೋಲ್ಟೇಜಿನ ಲೆಕ್ಕದಲ್ಲಿ ಇಳಿಯುತ್ತದೆ. ದುರ್ಬಲ ಟ್ರಾನ್ಸ್‌ಫಾರ್ಮರಿನ ಮೇಲೆ ಇದನ್ನು ಮರೆಯುವಂತಿಲ್ಲ.

ಸಾಫ್ಟ್ ಸ್ಟಾರ್ಟರಿನ ಗೆಲುವು ಬೇರೆ ಕಡೆ ಇದೆ. ಇದರಲ್ಲಿ ಬದಲಾವಣೆಯ ಹೊಡೆತವಿಲ್ಲ. ವೋಲ್ಟೇಜ್ ಮೆಟ್ಟಿಲಿಲ್ಲದೆ ಏರುವುದರಿಂದ ಪಂಪು ಸರಾಗವಾಗಿ ವೇಗಕ್ಕೆ ಬರುತ್ತದೆ, ವಾಲ್ವ್ ತಿರುಗಿಸುವವರಿಲ್ಲದ ಪಂಪುಮನೆಯಲ್ಲೂ ನಡೆಯುತ್ತದೆ. ಮೋಟರಿಗೆ ಆರು ಕೇಬಲ್ ಎಳೆಯಬೇಕಿಲ್ಲ, ಮೂರು ಸಾಕು.

ಇದರ ತರ್ಕದಲ್ಲಿ ಹೊಂದಿಸುವ ಸಂಗತಿಗಳು ಕೆಲವೇ: ಆರಂಭದ ವೋಲ್ಟೇಜ್ 30-40%, ಏರಿಕೆಯ ಸಮಯ 10 ಸೆಕೆಂಡಿನ ಆಸುಪಾಸು, ಕರೆಂಟಿನ ಮಿತಿ 3ರಿಂದ 3.5 ಪಟ್ಟು. ಮೋಟರ್ ಪೂರ್ಣ ವೇಗಕ್ಕೆ ಬಂದಾಗ ಒಂದು ರಿಲೇ ಬೈಪಾಸ್ ಕಾಂಟ್ಯಾಕ್ಟರನ್ನು ಎಳೆದು ಥೈರಿಸ್ಟರ್‌ಗಳ ಹೊರೆ ಇಳಿಸುತ್ತದೆ. ಬೈಪಾಸ್ ಹತ್ತದಿದ್ದರೆ ಮೋಟರ್ ಚೆನ್ನಾಗಿಯೇ ಓಡುತ್ತದೆ, ಕೆಲವು ನಿಮಿಷದ ಮೇಲೆ ಸ್ಟಾರ್ಟರ್ ಬಿಸಿಯಾಗಿ ಬೀಳುತ್ತದೆ. ಎಬ್ಬಿಸುವಾಗಲ್ಲದೆ ಓಡುವಾಗ ಬಿಸಿಯ ದೋಷ ತೋರಿದರೆ ಬೈಪಾಸಿನ ಕಾಯಿಲನ್ನು ನೋಡಬೇಕು.

ತರ್ಕದಲ್ಲಿ ಆಗುವ ದೊಡ್ಡ ತಪ್ಪು ಸ್ಟಾಪ್ ಬಟನ್ನಿನದು. ಹಳೆಯ ಪ್ಯಾನೆಲಿನ ಅಭ್ಯಾಸದಂತೆ ಸ್ಟಾಪ್ ಬಟನ್ನನ್ನು ಲೈನ್ ಕಾಂಟ್ಯಾಕ್ಟರಿನ ಕಾಯಿಲಿಗೆ ಕೊಟ್ಟರೆ, ಒತ್ತಿದೊಡನೆ ಕರೆಂಟೇ ಹೋಗುತ್ತದೆ. ನಿಧಾನ ನಿಲ್ಲಿಸುವ ಸೌಲಭ್ಯಕ್ಕೆ ಕೊಟ್ಟ ದುಡ್ಡು ವ್ಯರ್ಥ. ಸ್ಟಾಪ್ ಬಟನ್ ಸಾಫ್ಟ್ ಸ್ಟಾರ್ಟರಿನ ರನ್ ಆದೇಶವನ್ನು ಮಾತ್ರ ತೆಗೆಯಬೇಕು, ಇಳಿತ ಮುಗಿದ ಮೇಲೆ ಸ್ಟಾರ್ಟರೇ ಲೈನ್ ಕಾಂಟ್ಯಾಕ್ಟರನ್ನು ಬಿಡಿಸಬೇಕು. ತುರ್ತು ನಿಲುಗಡೆಯ ಬಟನ್ ಮಾತ್ರ ಎಲ್ಲವನ್ನೂ ಒಮ್ಮೆಲೇ ಕಡಿಯಬೇಕು.

ಡ್ರೈವ್

ಡ್ರೈವ್ ಒಳಬರುವ ಕರೆಂಟನ್ನು ಮೊದಲು ಡಿಸಿ ಮಾಡಿ, ಆಮೇಲೆ ಬೇಕಾದ ಆವರ್ತನದ ಎಸಿಯಾಗಿ ಕಟ್ಟಿಕೊಡುತ್ತದೆ. ವೋಲ್ಟೇಜ್ ಮತ್ತು ಆವರ್ತನ ಜತೆಯಾಗಿ ಏರುವುದರಿಂದ ಮೋಟರ್ ಎಂದೂ ಹೆಚ್ಚಿನ ಸ್ಲಿಪ್ಪಿನಲ್ಲಿ ಇರುವುದಿಲ್ಲ. ಪೂರ್ಣ ಬಲಕ್ಕೆ ಪೂರ್ಣಭಾರದ ಕರೆಂಟೇ ಸಾಕು. ನಮ್ಮ ಪಂಪಿನಲ್ಲಿ ಚಾಲನೆಯ ಯಾವ ಘಟ್ಟದಲ್ಲೂ ಕರೆಂಟು 130 ದಾಟುವುದಿಲ್ಲ. ಬಲಕ್ಕೂ ಕರೆಂಟಿಗೂ ಇಷ್ಟು ಒಳ್ಳೆಯ ಅನುಪಾತ ಮೂರರಲ್ಲಿ ಇದೊಂದಕ್ಕೇ ಇದೆ.

ವೇಗ ಬದಲಿಸಬಹುದೆಂದು ವಿದ್ಯುತ್ ಉಳಿತಾಯದ ಆಸೆಗೆ ಡ್ರೈವ್ ಕೊಳ್ಳುವವರು ಮೊದಲು ಎತ್ತರದ ಲೆಕ್ಕ ಹಾಕಬೇಕು. ನಮ್ಮ ಪಂಪು 50 ಹರ್ಟ್ಸ್‌ನಲ್ಲಿ, ವಾಲ್ವ್ ಮುಚ್ಚಿದಾಗ, 60 ಮೀಟರ್ ಒತ್ತಡ ಕೊಡುತ್ತದೆ ಎಂದುಕೊಳ್ಳೋಣ. ಒತ್ತಡ ವೇಗದ ವರ್ಗಕ್ಕೆ ಇಳಿಯುತ್ತದೆ. ಅದು 36 ಮೀಟರಿಗೆ ಇಳಿಯುವ ಆವರ್ತನ ಹೀಗೆ:

```
f = 50 × √(36/60) ≈ 38.7 Hz
```

ಇದಕ್ಕಿಂತ ಕೆಳಗೆ ಪಂಪು ತಿರುಗಿದರೂ ತೊಟ್ಟಿಗೆ ಹನಿ ನೀರು ಬರುವುದಿಲ್ಲ. ಒಳಗಿನ ನೀರು ಬಿಸಿಯಾಗುತ್ತದೆ, ಅಷ್ಟೇ. 40 ಹರ್ಟ್ಸ್‌ನಲ್ಲಿ ಪೂರ್ಣ ನೀರಿನ ಮೂರರಲ್ಲೊಂದು ಭಾಗ ಬರುತ್ತದೆ, 45ರಲ್ಲಿ ಸುಮಾರು 72%. ಅಂದರೆ ಈ ಪಂಪಿಗೆ ಉಪಯೋಗಕ್ಕೆ ಬರುವ ವ್ಯಾಪ್ತಿ 40ರಿಂದ 50 ಹರ್ಟ್ಸ್ ಮಾತ್ರ. 45ರಲ್ಲಿ ಓಡಿಸಿದರೆ ಘರ್ಷಣೆ ಕಡಿಮೆಯಾಗಿ ಲೀಟರೊಂದಕ್ಕೆ ತಗಲುವ ವಿದ್ಯುತ್ತು ಹೆಚ್ಚೆಂದರೆ 13% ಉಳಿಯುತ್ತದೆ, ಅದರಲ್ಲೂ ಡ್ರೈವಿನ ಸ್ವಂತ ನಷ್ಟ 2-3% ಕಳೆಯಬೇಕು. ಕರೆಂಟು ಬರುವ ಕೆಲವೇ ಗಂಟೆಯಲ್ಲಿ ಆದಷ್ಟು ನೀರೆತ್ತಬೇಕಾದ ರೈತರಿಗೆ ಕಾಲುಭಾಗ ನೀರು ಬಿಟ್ಟುಕೊಟ್ಟು ಇಷ್ಟು ಉಳಿಸುವುದು ಗಿಟ್ಟುವುದಿಲ್ಲ. ಬೇಸಿಗೆಯಲ್ಲಿ ಜಾಕ್‌ವೆಲ್ಲಿಗೆ ನೀರು ನಿಧಾನ ಬರುವಾಗ ಮಾತ್ರ ಇದು ನಿಜವಾಗಿ ಕೆಲಸಕ್ಕೆ ಬರುತ್ತದೆ. ಮಟ್ಟ ಇಳಿದಂತೆ ವೇಗ ತಗ್ಗಿಸಿ, ಪಂಪು ಗಾಳಿ ಎಳೆಯದಂತೆ ನಡೆಸಬಹುದು.

ಇದೇ 38.7 ಹರ್ಟ್ಸ್ ನಿಯಂತ್ರಣ ತರ್ಕಕ್ಕೂ ಆಧಾರ. ಸೊನ್ನೆಯಿಂದ 39ರವರೆಗೆ ನೀರು ಅಲುಗುವುದಿಲ್ಲವಾದ್ದರಿಂದ 5 ಸೆಕೆಂಡಿನಲ್ಲಿ ದಾಟಿಸಬಹುದು. 39ರಿಂದ 50ಕ್ಕೆ 30 ಸೆಕೆಂಡಾದರೂ ಕೊಡಬೇಕು. ನಿಲ್ಲಿಸುವಾಗ ಇದೇ ಕ್ರಮ ತಿರುವುಮುರುವು. ಅನೇಕ ಡ್ರೈವುಗಳಲ್ಲಿ ಎರಡು ಏರಿಕೆ ಸಮಯಗಳನ್ನೂ ಅವು ಬದಲಾಗುವ ಆವರ್ತನವನ್ನೂ ಬೇರೆಬೇರೆ ಕೊಡಬಹುದು.

ದೋಷಗಳನ್ನು ಡ್ರೈವ್ ತಾನೇ ಅಳಿಸಿ ಮತ್ತೆ ಎಬ್ಬಿಸುವ ಸೌಲಭ್ಯವನ್ನು ವಿವೇಚನೆಯಿಂದ ಹೊಂದಿಸಬೇಕು. ವೋಲ್ಟೇಜ್ ಇಳಿದು ನಿಂತಿದ್ದರೆ ಒಂದೆರಡು ನಿಮಿಷ ತಡೆದು ಎರಡು ಮೂರು ಬಾರಿ ಪ್ರಯತ್ನಿಸಲು ಬಿಡಬಹುದು. ಹೆಚ್ಚು ಕರೆಂಟು ಅಥವಾ ಅರ್ತ್ ದೋಷಕ್ಕೆ ನಿಂತಿದ್ದರೆ ಮನುಷ್ಯರು ಬಂದು ನೋಡದೆ ಎಬ್ಬಿಸಕೂಡದು.

ಬಿಸಿ ಇದರ ಇನ್ನೊಂದು ಮಿತಿ. 75 ಕಿಲೋವ್ಯಾಟಿಗೆ 3% ನಷ್ಟವೆಂದರೆ 2 ಕಿಲೋವ್ಯಾಟಿಗೂ ಹೆಚ್ಚು ಶಾಖ ಪ್ಯಾನೆಲಿನೊಳಗೆ ನಿರಂತರ ಹುಟ್ಟುತ್ತದೆ. ತಗಡಿನ ಮಾಡಿನ ಪಂಪುಮನೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಇದು ಸಣ್ಣ ಮಾತಲ್ಲ. ಡ್ರೈವುಗಳ ಪೂರ್ಣ ಸಾಮರ್ಥ್ಯವನ್ನು ಸಾಮಾನ್ಯವಾಗಿ 40 ಡಿಗ್ರಿಯವರೆಗೆ ಹೇಳಿರುತ್ತಾರೆ, ಅದರ ಮೇಲೆ ಡಿಗ್ರಿಗೆ ಸುಮಾರು 1%ರಂತೆ ಕಡಿಮೆ ಮಾಡಬೇಕು.

ಕೆಪಾಸಿಟರಿನ ಜಾಗ

ನೀರಾವರಿ ಪಂಪುಗಳಿಗೆ ಪವರ್ ಫ್ಯಾಕ್ಟರಿಗಾಗಿ ಕೆಪಾಸಿಟರ್ ಹಾಕುವುದು ರೂಢಿ. ಹಳೆಯ ಸ್ಟಾರ್ಟರ್ ತೆಗೆದು ಹೊಸದು ಕೂಡಿಸುವಾಗ ಅದು ಮೋಟರಿನ ತುದಿಗಳಲ್ಲೇ ಉಳಿದುಬಿಡುತ್ತದೆ. ಸಾಫ್ಟ್ ಸ್ಟಾರ್ಟರಿನ ಮುಂದೆ, ಅಂದರೆ ಮೋಟರಿನ ಕಡೆ, ಕೆಪಾಸಿಟರ್ ಇದ್ದರೆ ಥೈರಿಸ್ಟರ್ ತೆರೆದಾಗಲೆಲ್ಲ ಅದರೊಳಕ್ಕೆ ಕರೆಂಟು ನುಗ್ಗಿ ಥೈರಿಸ್ಟರ್ ಕೆಡುತ್ತದೆ. ಅದನ್ನು ಲೈನಿನ ಕಡೆಗೆ ಸರಿಸಿ, ಬೈಪಾಸ್ ಹತ್ತಿದ ಮೇಲೆ ಪ್ರತ್ಯೇಕ ಕಾಂಟ್ಯಾಕ್ಟರಿನಿಂದ ಸೇರಿಸಬೇಕು. ಡ್ರೈವಿನ ಮುಂದೆ ಇದ್ದರೆ ಡ್ರೈವ್ ಎಬ್ಬಿಸುವಾಗಲೇ ಬೀಳುತ್ತದೆ ಅಥವಾ ಕೆಡುತ್ತದೆ, ಅಲ್ಲಿ ಅದನ್ನು ತೆಗೆದೇಬಿಡಬೇಕು.

ನಿಲುಗಡೆ ಮತ್ತು ನೀರಿನ ಹೊಡೆತ

ಉದ್ದ ಪೈಪಿನ ಪಂಪಿಗೆ ಏಳುವುದಕ್ಕಿಂತ ನಿಲ್ಲುವುದೇ ಹೆಚ್ಚು ಅಪಾಯಕರ. ಪಂಪು ಒಮ್ಮೆಲೇ ನಿಂತರೆ ಪೈಪಿನ ನೀರು ಸ್ವಲ್ಪ ಹೊತ್ತು ಮುಂದೋಡಿ, ಹಿಂದೆ ಒತ್ತಡ ಕುಸಿದು, ಆಮೇಲೆ ವಾಪಸು ಬಂದು ಮುಚ್ಚಿದ ಎನ್‌ಆರ್‌ವಿಗೆ ಬಡಿಯುತ್ತದೆ. ಒತ್ತಡದ ಅಲೆ ಉಕ್ಕಿನ ಪೈಪಿನಲ್ಲಿ ಸೆಕೆಂಡಿಗೆ ಸುಮಾರು 1,000 ಮೀಟರ್ ವೇಗದಲ್ಲಿ ಓಡುತ್ತದೆ. ನೀರಿನ ವೇಗ ಸೆಕೆಂಡಿಗೆ 1.5 ಮೀಟರ್ ಇದ್ದು ಪೂರ್ತಿ ತಟ್ಟನೆ ನಿಂತರೆ ಒತ್ತಡದ ಏರಿಳಿತ ಇಷ್ಟು:

```
ΔH = a·Δv/g = 1000 × 1.5 / 9.81 ≈ 150 m
```

ಓಡುವಾಗ 50 ಮೀಟರ್ ಒತ್ತಡ ಕಾಣುವ ಪೈಪಿಗೆ ಇದು ಮೂರು ಪಟ್ಟು. ಅಲೆ 2 ಕಿಲೋಮೀಟರ್ ಹೋಗಿ ಮರಳಲು 4 ಸೆಕೆಂಡು ಬೇಕು. ನೀರಿನ ವೇಗ ಇಳಿಯುವ ಸಮಯ ಈ 4 ಸೆಕೆಂಡಿನ ಅನೇಕ ಪಟ್ಟು ಇದ್ದರೆ ಹೊಡೆತ ಸೌಮ್ಯವಾಗುತ್ತದೆ.

ಸ್ಟಾರ್-ಡೆಲ್ಟಾದಲ್ಲಿ ಇದಕ್ಕೆ ಇರುವ ಉಪಾಯ ವಾಲ್ವನ್ನು ನಿಧಾನ ಮುಚ್ಚಿ ಆಮೇಲೆ ಸ್ಟಾಪ್ ಒತ್ತುವುದೊಂದೇ. ಸಾಫ್ಟ್ ಸ್ಟಾರ್ಟರಿನಲ್ಲಿ 20 ಸೆಕೆಂಡಿನ ಇಳಿತ ಇಟ್ಟರೂ, ಅದು ಬರೀ ವೋಲ್ಟೇಜನ್ನು ಇಳಿಸುವ ಜಾತಿಯದಾದರೆ ಫಲ ಅಷ್ಟಕ್ಕಷ್ಟೆ. ಮೋಟರಿನ ಗರಿಷ್ಠ ಬಲ ಪೂರ್ಣಭಾರದ ಎರಡೂವರೆ ಪಟ್ಟು ಇರುವುದರಿಂದ, ವೋಲ್ಟೇಜ್ 63%ಕ್ಕೆ ಇಳಿಯುವವರೆಗೂ ವೇಗ ಹೆಚ್ಚೇನೂ ಬದಲಾಗುವುದಿಲ್ಲ. ಮೊದಲ ಏಳು ಸೆಕೆಂಡು ಹೀಗೇ ಕಳೆಯುತ್ತದೆ. ಆಮೇಲೆ ಮೋಟರ್ ಹಿಡಿತ ತಪ್ಪಿ ತಟ್ಟನೆ ಕುಸಿಯುತ್ತದೆ. ಬಲವನ್ನೇ ಅಳೆದು ಇಳಿಸುವ, ಪಂಪಿಗೆಂದೇ ಮಾಡಿದ ನಿಲುಗಡೆ ಕ್ರಮ ಇರುವ ಸಾಫ್ಟ್ ಸ್ಟಾರ್ಟರ್ ಇಲ್ಲಿ ಬೇಕು. ಡ್ರೈವಿನಲ್ಲಿ 50ರಿಂದ 39 ಹರ್ಟ್ಸ್‌ಗೆ 40 ಸೆಕೆಂಡು ಕೊಟ್ಟರೆ ಕೆಲಸ ನಿಖರವಾಗಿ ಆಗುತ್ತದೆ.

ಇದೆಲ್ಲ ಕರೆಂಟು ಇರುವಾಗಿನ ಮಾತು. ಫೀಡರಿನ ಕರೆಂಟು ಹೋದರೆ ಮೂರೂ ಸಾಧನಗಳು ಒಂದೇ: ಪಂಪು ಕೆಲವೇ ಸೆಕೆಂಡಿನಲ್ಲಿ ನಿಲ್ಲುತ್ತದೆ. ಕರೆಂಟು ಹೋಗಿಬರುವ ಹಳ್ಳಿಯ ಲೈನಿನಲ್ಲಿ ಇಂಥ ನಿಲುಗಡೆಯನ್ನು ತಪ್ಪಿಸಲಾಗದು. ಆದ್ದರಿಂದ ಪೈಪನ್ನು ಕಾಯುವ ಹೊಣೆಯನ್ನು ಸ್ಟಾರ್ಟರಿಗೆ ಹೊರಿಸುವಂತಿಲ್ಲ. ಚುರುಕಾಗಿ ಮುಚ್ಚುವ ಎನ್‌ಆರ್‌ವಿ, ದಿಬ್ಬದ ತುದಿಗಳಲ್ಲಿ ಏರ್ ವಾಲ್ವ್, ಅಗತ್ಯವಿದ್ದರೆ ದಾರಿಯ ನಡುವೆ ಇನ್ನೂ ಒಂದೆರಡು ತಡೆ ವಾಲ್ವ್ ಇರಲೇಬೇಕು.

ಕರೆಂಟು ಮರಳಿದಾಗ

ಮೂರಕ್ಕೂ ಸಮಾನವಾದ ತರ್ಕ ಮರುಚಾಲನೆಯದು. ಕರೆಂಟು ಬಂದೊಡನೆ ತಾನೇ ಏಳುವ ಆಟೋ ಸ್ಟಾರ್ಟರ್‌ಗಳು ಫೀಡರಿನ ಎಲ್ಲ ಪಂಪುಗಳನ್ನೂ ಒಟ್ಟಿಗೆ ಎಬ್ಬಿಸುತ್ತವೆ, ವೋಲ್ಟೇಜ್ ಬಿದ್ದು ಯಾವುದೂ ಸ್ಟಾರ್ ದಾಟದೆ ಒದ್ದಾಡುತ್ತದೆ. 415ರ ಬದಲು 360 ವೋಲ್ಟ್ ಸಿಕ್ಕರೆ ಬಲ ಕಾಲುಭಾಗ ಕಡಿಮೆ. ಹೀಗಾಗಿ ತರ್ಕದಲ್ಲಿ ಮೂರು ಷರತ್ತುಗಳು ಬೇಕು: ಮೂರೂ ಫೇಸು ಸರಿಯಾದ ವೋಲ್ಟೇಜಿನಲ್ಲಿ ಕೆಲವು ನಿಮಿಷ ಸ್ಥಿರವಾಗಿ ನಿಂತಿರಬೇಕು, ಒಂದೊಂದು ಪಂಪಿಗೂ ತಡೆಯ ಸಮಯ ಬೇರೆಬೇರೆ ಇರಬೇಕು, ಒಂದೇ ಪಂಪುಮನೆಯಲ್ಲಿ ಹಲವು ಮೋಟರ್ ಇದ್ದರೆ ಮೊದಲನೆಯದು ಪೂರ್ಣ ವೇಗಕ್ಕೆ ಬಂದ ಮೇಲೆಯೇ ಎರಡನೆಯದು ಏಳಬೇಕು. ಈ ತಡೆ ಇನ್ನೊಂದು ಅಪಾಯವನ್ನೂ ತಪ್ಪಿಸುತ್ತದೆ. ಎನ್‌ಆರ್‌ವಿ ಸೋರುತ್ತಿದ್ದರೆ ಮರಳುವ ನೀರು ಪಂಪನ್ನು ಹಿಮ್ಮುಖವಾಗಿ ತಿರುಗಿಸುತ್ತಿರುತ್ತದೆ. ಆಗ ಎಬ್ಬಿಸಿದರೆ ಶಾಫ್ಟ್ ಮುರಿಯಬಹುದು.

ನೀರು ಬತ್ತಿದಾಗಿನ ರಕ್ಷಣೆಯೂ ಇಲ್ಲೇ ಸೇರುತ್ತದೆ. ಪಂಪು ಗಾಳಿ ಎಳೆದರೆ ಕರೆಂಟು ಇಳಿಯುತ್ತದೆ, ಓವರ್‌ಲೋಡ್ ರಿಲೇಗೆ ಅದು ಕಾಣುವುದಿಲ್ಲ. ಸಾಮಾನ್ಯ ಓಟದ ಕರೆಂಟಿನ ಮೂರರಲ್ಲಿ ಎರಡು ಭಾಗಕ್ಕಿಂತ ಕೆಳಗೆ ಹತ್ತಿಪ್ಪತ್ತು ಸೆಕೆಂಡು ಇದ್ದರೆ ನಿಲ್ಲಿಸುವ ಕಡಿಮೆ-ಕರೆಂಟಿನ ರಿಲೇ ಬೇಕು. ವಾಲ್ವ್ ಮುಚ್ಚಿ ಎಬ್ಬಿಸುವ ಪಂಪಿನಲ್ಲಿ, ವಾಲ್ವ್ ತೆರೆಯುವವರೆಗೆ ಈ ರಿಲೇ ಕಾಯುವಂತಿರಬೇಕು. ಇಲ್ಲದಿದ್ದರೆ ಸರಿಯಾಗಿ ಎಬ್ಬಿಸಿದ ಪಂಪನ್ನೇ ಅದು ನಿಲ್ಲಿಸುತ್ತದೆ.

ಸಕ್ಕರೆ ಕಾರ್ಖಾನೆಗಳಲ್ಲಿ

ಈ ತಾಲೂಕುಗಳಲ್ಲಿ ದೊಡ್ಡ ಮೋಟರ್‌ಗಳ ಇನ್ನೊಂದು ನೆಲೆ ಸಕ್ಕರೆ ಕಾರ್ಖಾನೆ. ಉಗಾರ, ಚಿಕ್ಕೋಡಿ, ನಿಪ್ಪಾಣಿ, ಅಥಣಿ, ರಾಯಬಾಗ ಎಲ್ಲ ಕಡೆಯೂ ಕಾರ್ಖಾನೆಗಳಿವೆ. ಸಕ್ಕರೆ ಉದ್ಯಮದಲ್ಲಿ ಭಾರದ ಸ್ವಭಾವ ಪಂಪಿನದಕ್ಕಿಂತ ಭಿನ್ನ. ಕಬ್ಬನ್ನು ಸೀಳುವ ಫೈಬ್ರೈಜರಿನ ಸುತ್ತಿಗೆಗಳ ತೂಕ ಹೆಚ್ಚು, ಪೂರ್ಣ ವೇಗಕ್ಕೆ ಬರಲು ಬಹಳ ಹೊತ್ತು ಬೇಕು. ಮೂರರಲ್ಲೊಂದು ಬಲದಲ್ಲಿ ಎಬ್ಬಿಸಲು ಹೋದರೆ ರೋಟರ್ ಬಿಸಿಯಾಗುತ್ತದೆ. ಅದಕ್ಕೆ ಸ್ಲಿಪ್‌ರಿಂಗ್ ಮೋಟರ್ ಮತ್ತು ದ್ರವ ರೆಸಿಸ್ಟೆನ್ಸ್ ಸ್ಟಾರ್ಟರ್ ಅಥವಾ ಡ್ರೈವ್ ಬಳಸುವುದು ವಾಡಿಕೆ. ಕೇನ್ ಕ್ಯಾರಿಯರ್ ಮತ್ತು ಮಿಲ್ಲಿನ ವೇಗವನ್ನು ಕಬ್ಬಿನ ಹೊರೆ ನೋಡಿ ಬದಲಿಸುತ್ತಲೇ ಇರಬೇಕಾದ್ದರಿಂದ ಅಲ್ಲಿ ಈ ಮೂರರಲ್ಲಿ ಡ್ರೈವೇ ಬೇಕು.

ಆಯ್ಕೆ

ನಿದರ್ಶನದ ಪಂಪಿಗೆ ಮರಳಿದರೆ ತೀರ್ಮಾನ ಹೀಗೆ. ಪಂಪುಮನೆಯಲ್ಲಿ ವಾಲ್ವ್ ತಿರುಗಿಸುವ ಆಳು ಇದ್ದು, ನೀರು ಪೂರ್ತಿ ಬೇಕಿದ್ದು, ಟ್ರಾನ್ಸ್‌ಫಾರ್ಮರ್ ಚಿಕ್ಕದಿದ್ದರೆ ಸ್ಟಾರ್-ಡೆಲ್ಟಾ ಸಾಕು; ಊರಿನ ಎಲೆಕ್ಟ್ರಿಷಿಯನ್ ಅದನ್ನು ರಿಪೇರಿ ಮಾಡಬಲ್ಲರು, ಬಿಡಿಭಾಗ ಹತ್ತಿರದ ಪೇಟೆಯಲ್ಲಿ ಸಿಗುತ್ತದೆ. ಆಳಿಲ್ಲದೆ ನಡೆಯಬೇಕಿದ್ದು, ಟ್ರಾನ್ಸ್‌ಫಾರ್ಮರ್ 250 ಕೆವಿಎ ಇದ್ದರೆ ಪಂಪು ನಿಲುಗಡೆ ಕ್ರಮವಿರುವ ಸಾಫ್ಟ್ ಸ್ಟಾರ್ಟರ್ ಒಳ್ಳೆಯದು. ಜನರೇಟರ್ ಮೇಲೆ ಓಡಿಸಬೇಕಿದ್ದರೆ, ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ ತೀರಾ ಬಿಗಿಯಾಗಿದ್ದರೆ ಅಥವಾ ಬೇಸಿಗೆಯಲ್ಲಿ ನೀರಿನ ಮಟ್ಟಕ್ಕೆ ತಕ್ಕಂತೆ ನಡೆಸಬೇಕಿದ್ದರೆ ಡ್ರೈವ್. ಸಾಫ್ಟ್ ಸ್ಟಾರ್ಟರ್ ಮತ್ತು ಡ್ರೈವುಗಳ ಎಲೆಕ್ಟ್ರಾನಿಕ್ ಭಾಗಗಳು ಒಮ್ಮೆ ಪ್ರವಾಹದ ನೀರು ಹೊಕ್ಕರೆ ಒಣಗಿಸಿ ಬಳಸುವಂತಿರುವುದಿಲ್ಲ. ಅವನ್ನು ಕೂಡಿಸುವ ಕಟ್ಟೆ 2019ರ ಪೂರದ ಗುರುತಿಗಿಂತ ಮೇಲಿರಬೇಕು, ಮೋಟರ್ ದಂಡೆಯಲ್ಲಿದ್ದರೂ ಪ್ಯಾನೆಲ್ ಎತ್ತರದಲ್ಲಿರಬೇಕು. ಡ್ರೈವಿನಿಂದ ಮೋಟರಿಗೆ ಉದ್ದ ಕೇಬಲ್ ಎಳೆದರೆ ಮೋಟರಿನ ತುದಿಯಲ್ಲಿ ವೋಲ್ಟೇಜಿನ ಚೂಪು ಅಲೆಗಳು ಏರಿ ವೈಂಡಿಂಗಿನ ಇನ್ಸುಲೇಶನ್ ಹಾಳಾಗುವುದರಿಂದ ನಡುವೆ ಫಿಲ್ಟರ್ ಬೇಕಾಗುತ್ತದೆ. ಡ್ರೈವಿನ ಬೆಲೆ ಕೇಳುವಾಗ ಆ ಫಿಲ್ಟರಿನ ಬೆಲೆಯನ್ನೂ ಕೂಡಿಸಿ, ಸಾಫ್ಟ್ ಸ್ಟಾರ್ಟರಿನ ಜತೆ ಹೋಲಿಸಬೇಕು.